ಕೊಂಡ ಷೇರಿನ ಬದಲು ಹಣ ಬಂದರೆ ಅದು ಖಾತರಿಯೋ, ಖಾತರಿಯ ಸೋಲೋ?

ಶರಾವತಿ ತೀರ:
ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಶಿಕ್ಷಕಿ. ಸುಮಾರು ಆರು ವರ್ಷಗಳಿಂದ ಸಣ್ಣ ಪ್ರಮಾಣದಲ್ಲಿ ಷೇರು ಕೊಳ್ಳುತ್ತಿದ್ದೇನೆ. ಕಳೆದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಮಧ್ಯಮ ಗಾತ್ರದ ಕಂಪನಿಯೊಂದರ 200 ಷೇರುಗಳನ್ನು ತಲಾ ₹412ರಂತೆ ಕೊಂಡೆ. ₹82,400 ಖಾತೆಯಿಂದ ಹೋಯಿತು, ಕಾಂಟ್ರ್ಯಾಕ್ಟ್ ನೋಟ್ ಕೂಡ ಬಂತು. ಮಂಗಳವಾರ ಸಂಜೆ ಡಿಮ್ಯಾಟ್ ಖಾತೆಯನ್ನು ನೋಡಿದರೆ ಷೇರುಗಳೇ ಇರಲಿಲ್ಲ. ಬುಧವಾರವೂ ಬರಲಿಲ್ಲ. ಅದರ ಬದಲು ಬ್ರೋಕರ್ ಖಾತೆಗೆ ₹1,16,160 ಜಮೆಯಾಗಿತ್ತು.

ಬಂದ ಹಣ ಹೆಚ್ಚೇ ಆಗಿರುವುದರಿಂದ ನನಗೆ ನಷ್ಟವಾಗಿಲ್ಲ. ಆದರೆ ಈ ಷೇರನ್ನು ನಾನು ಮಾರುವುದಕ್ಕಾಗಿ ಕೊಂಡಿರಲಿಲ್ಲ, ಹತ್ತು ವರ್ಷ ಇಟ್ಟುಕೊಳ್ಳಬೇಕೆಂದು ಕೊಂಡಿದ್ದೆ. ವಿನಿಮಯ ಕೇಂದ್ರದಲ್ಲಿ ನಡೆದ ಪ್ರತಿಯೊಂದು ವ್ಯವಹಾರಕ್ಕೂ ಖಾತರಿ ಇದೆ, ಯಾರೂ ತಪ್ಪಿಸಿಕೊಳ್ಳಲಾರರು ಎಂದು ಕೇಳಿಕೊಂಡೇ ಬಂದಿದ್ದೇನೆ. ಹಾಗಾದರೆ ಇಲ್ಲಿ ಒಬ್ಬರು ತಪ್ಪಿಸಿಕೊಂಡಿದ್ದು ಹೇಗೆ? ಅಷ್ಟು ಹಣವನ್ನು ನನಗೆ ಕೊಟ್ಟವರು ಯಾರು?

ಲೆಕ್ಕದ ಪುಟ:
ಮೇಡಂ, ನಾನು ಸಿಎ ಓದುತ್ತಿರುವ ವಿದ್ಯಾರ್ಥಿ. ವ್ಯವಹಾರ ನಡೆದ ಮೇಲೆ ಕ್ಲಿಯರಿಂಗ್ ಕಾರ್ಪೊರೇಷನ್ ನಡುವೆ ಬಂದು ನಿಲ್ಲುತ್ತದೆ. ಮಾರಿದವನ ಪಾಲಿಗೆ ಅದೇ ಕೊಳ್ಳುವವನು, ಕೊಂಡವರ ಪಾಲಿಗೆ ಅದೇ ಮಾರುವವನು. ಇದನ್ನು ನೊವೇಶನ್ ಎನ್ನುತ್ತಾರೆ. ನಿಮಗೆ ಹಣ ಕೊಟ್ಟಿರುವುದು ಸೆಟಲ್‌ಮೆಂಟ್ ಗ್ಯಾರಂಟಿ ಫಂಡ್ ಎಂಬ ನಿಧಿ. ಅದರ ಹಿಂದೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಇದೆ, ಅಂದರೆ ಒಟ್ಟಿನಲ್ಲಿ ಸರ್ಕಾರದ ಖಾತರಿಯೇ ಇದೆ. ಆದ್ದರಿಂದ ಭಯಪಡುವ ಅಗತ್ಯವಿಲ್ಲ.

ಸೆಟಲ್‌ಮೆಂಟ್ ಮೇಜು:
ಬೆಂಗಳೂರಿನ ಬ್ರೋಕಿಂಗ್ ಸಂಸ್ಥೆಯೊಂದರ ಸೆಟಲ್‌ಮೆಂಟ್ ವಿಭಾಗದಲ್ಲಿ ಹದಿನೆಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹಿಂದಿನ ಉತ್ತರದಲ್ಲಿ ನೊವೇಶನ್ ಬಗ್ಗೆ ಹೇಳಿರುವುದು ಸರಿ. ಉಳಿದ ಎರಡು ಮಾತುಗಳು ಸರಿಯಲ್ಲ. ಮೇಡಂ ಅವರಿಗೆ ಬಂದ ಹಣ ನಿಧಿಯಿಂದ ಬಂದದ್ದಲ್ಲ. ನಿಧಿಯ ಹಿಂದೆ ಸರ್ಕಾರದ ಖಾತರಿಯೂ ಇಲ್ಲ.

ಮೊದಲು ಮೇಡಂ ಅವರ ವ್ಯವಹಾರವನ್ನೇ ನೋಡೋಣ. ₹1,16,160 ಅನ್ನು 200ರಿಂದ ಭಾಗಿಸಿದರೆ ಷೇರಿಗೆ ₹580.80 ಬರುತ್ತದೆ. ಆ ದಿನಗಳಲ್ಲಿ ಷೇರು ಅಷ್ಟು ಬೆಲೆಗೆ ಹೋಗಿರಲಿಲ್ಲ ಎಂದು ನನ್ನ ಊಹೆ. ಶುಕ್ರವಾರದ ಮುಕ್ತಾಯ ಬೆಲೆ ₹400 ಇದ್ದು, ಸೋಮವಾರ ಹತ್ತು ಶೇಕಡಾ ಏರಿ ₹440ರಲ್ಲಿ, ಒಂದು ದಿನದಲ್ಲಿ ಏರಬಹುದಾದ ಗರಿಷ್ಠ ಮಿತಿಯಾದ ಅಪ್ಪರ್ ಸರ್ಕ್ಯೂಟ್‌ಗೆ ನಿಂತಿತು, ಮಂಗಳವಾರ ಮತ್ತೆ ಹತ್ತು ಶೇಕಡಾ ಏರಿ ₹484ಕ್ಕೆ ನಿಂತಿತು, ಅಲ್ಲವೇ?

ಶರಾವತಿ ತೀರ:
ಈಗಷ್ಟೇ ನೋಡಿದೆ. ಎರಡೂ ದಿನಗಳ ಬೆಲೆಗಳು ನೀವು ಹೇಳಿದಂತೆಯೇ ಇವೆ. ಕೇವಲ ನನ್ನ ಖಾತೆಗೆ ಬಂದ ಮೊತ್ತದಿಂದ ಅದನ್ನು ಹೇಗೆ ಕಂಡುಹಿಡಿದಿರಿ?

ಸೆಟಲ್‌ಮೆಂಟ್ ಮೇಜು:
₹484ಕ್ಕೆ ಅದರ ಇಪ್ಪತ್ತು ಶೇಕಡಾ ಸೇರಿಸಿದರೆ ₹580.80. ಇದು ಕ್ಲೋಸ್ ಔಟ್ ಬೆಲೆಯ ಸೂತ್ರ. ಅಲ್ಲಿಗೆ ಬರುವುದಕ್ಕೆ ಮೊದಲು ಏನೇನು ನಡೆದಿರುತ್ತದೆ ಎಂಬುದನ್ನು ಹೇಳುತ್ತೇನೆ.

ಡಿಮ್ಯಾಟ್ ಖಾತೆಯಲ್ಲಿ ಷೇರು ಇಟ್ಟುಕೊಂಡು ಮಾರುವವರಿಂದ ಈಗ ಕೊರತೆ ಬರುವುದು ಬಹಳ ಕಡಿಮೆ. 2022ರ ನವೆಂಬರ್‌ನಿಂದ ಮಾರಿದ ಷೇರುಗಳು ಅವರವರ ಖಾತೆಯಲ್ಲಿಯೇ ಕ್ಲಿಯರಿಂಗ್ ಕಾರ್ಪೊರೇಷನ್ ಹೆಸರಿಗೆ ಬ್ಲಾಕ್ ಆಗುತ್ತವೆ. ನಾನು ದಿನವೂ ಕಾಣುವ ಕೊರತೆಗಳಲ್ಲಿ ಹೆಚ್ಚಿನವು ಇಂಟ್ರಾಡೇ ಮಾರಾಟದವು. ಸೋಮವಾರ ಬೆಳಿಗ್ಗೆ ಯಾರೋ ಒಬ್ಬರು ಕೈಯಲ್ಲಿ ಷೇರು ಇಲ್ಲದೆಯೇ, ಬೆಲೆ ಇಳಿಯುತ್ತದೆ, ಸಂಜೆಯೊಳಗೆ ಕೊಂಡು ಸರಿದೂಗಿಸೋಣ ಎಂದುಕೊಂಡು ₹412ರ ಸುಮಾರಿಗೆ ಮಾರಿದ್ದಾರೆ. ಬೆಲೆ ಇಳಿಯಲಿಲ್ಲ, ₹440ಕ್ಕೆ ಹೋಗಿ ಸರ್ಕ್ಯೂಟ್‌ನಲ್ಲಿ ನಿಂತಿತು. ಸರ್ಕ್ಯೂಟ್‌ನಲ್ಲಿ ಕೊಳ್ಳುವವರ ಸಾಲು ಇರುತ್ತದೆಯೇ ಹೊರತು ಮಾರುವವರು ಇರುವುದಿಲ್ಲ. ಹೀಗಾಗಿ ಮೂರೂವರೆ ಗಂಟೆಗೆ ಮಾರುಕಟ್ಟೆ ಮುಚ್ಚಿದಾಗ 200 ಷೇರು ಕೊಡಬೇಕಾದ ಬಾಧ್ಯತೆ ಅವರ ತಲೆಯ ಮೇಲೆಯೇ ಉಳಿಯಿತು.

ಮಂಗಳವಾರ ಬೆಳಿಗ್ಗೆ ಪೇ-ಇನ್, ಅಂದರೆ ಸದಸ್ಯರಾದ ಬ್ರೋಕರ್‌ಗಳು ಷೇರು ಮತ್ತು ಹಣ ಒಪ್ಪಿಸಬೇಕಾದ ಹೊತ್ತಿಗೆ ಅವರ ಬ್ರೋಕರ್ ಕಡೆಯಿಂದ ಷೇರು ಬರಲಿಲ್ಲ. ಆ ಗಳಿಗೆಯಲ್ಲೇ ಕ್ಲಿಯರಿಂಗ್ ಕಾರ್ಪೊರೇಷನ್ ಆ ಸದಸ್ಯರ ಖಾತೆಯಿಂದ ಹಿಂದಿನ ದಿನದ ಮುಕ್ತಾಯ ಬೆಲೆಯಲ್ಲಿ, ಅಂದರೆ 200 ಷೇರಿಗೆ ₹88,000 ಕಡಿದುಕೊಳ್ಳುತ್ತದೆ. ನಮ್ಮ ಕಚೇರಿಯಲ್ಲಿ ಇದನ್ನು ವ್ಯಾಲ್ಯುವೇಶನ್ ಡೆಬಿಟ್ ಎನ್ನುತ್ತೇವೆ. ಅದೇ ಮಧ್ಯಾಹ್ನ ಆ 200 ಷೇರುಗಳಿಗಾಗಿ ಆಕ್ಷನ್, ಅಂದರೆ ಹರಾಜು, ನಡೆಯುತ್ತದೆ. ಅಲ್ಲಿ ಯಾರಾದರೂ ಷೇರು ಕೊಡಲು ಮುಂದೆ ಬಂದಿದ್ದರೆ ಬುಧವಾರ ನಿಮಗೆ ಷೇರುಗಳೇ ಸಿಗುತ್ತಿದ್ದವು, ಬೆಲೆಯ ವ್ಯತ್ಯಾಸವನ್ನು ಕೊಡದೆ ಹೋದವರಿಂದ ವಸೂಲು ಮಾಡಲಾಗುತ್ತಿತ್ತು. ನಿಮ್ಮ ವಿಷಯದಲ್ಲಿ ಎರಡನೆಯ ದಿನವೂ ಷೇರು ಸರ್ಕ್ಯೂಟ್‌ನಲ್ಲಿದ್ದುದರಿಂದ ಆಕ್ಷನ್‌ನಲ್ಲಿ ಯಾರೂ ಕೊಡಲಿಲ್ಲ. ಆಗ ವ್ಯವಹಾರವನ್ನು ಹಣದಲ್ಲಿ ಮುಗಿಸುತ್ತಾರೆ. ವ್ಯವಹಾರದ ದಿನದಿಂದ ಆಕ್ಷನ್ ದಿನದವರೆಗಿನ ಅತಿ ಹೆಚ್ಚಿನ ಬೆಲೆ ಒಂದು ಕಡೆ, ಆಕ್ಷನ್ ದಿನದ ಮುಕ್ತಾಯ ಬೆಲೆಗೆ ಇಪ್ಪತ್ತು ಶೇಕಡಾ ಸೇರಿಸಿದ ಬೆಲೆ ಇನ್ನೊಂದು ಕಡೆ. ಇವೆರಡರಲ್ಲಿ ಯಾವುದು ಹೆಚ್ಚೋ ಅದು ಕ್ಲೋಸ್ ಔಟ್ ಬೆಲೆ. ನಿಮಗೆ ಹೆಚ್ಚಾಗಿ ಬಂದ ₹33,760, ₹412ಕ್ಕೆ ಮಾರಿ ಕೊಡಲಾಗದೆ ಹೋದವರ ಜೇಬಿನಿಂದ ಅವರ ಬ್ರೋಕರ್ ಮೂಲಕ ಬಂದಿದೆ. ನಿಧಿಯ ಒಂದು ರೂಪಾಯಿಯೂ ಇದರಲ್ಲಿ ಇಲ್ಲ.

ಜೆ.ಸಿ. ರಸ್ತೆಯ ಹಳಬ:
ತೊಂಬತ್ತರ ದಶಕದಲ್ಲಿ ನಾನು ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್‌ನ ಸದಸ್ಯರೊಬ್ಬರ ಬಳಿ ಗುಮಾಸ್ತನಾಗಿದ್ದೆ. ಎರಡೇ ದಿನಗಳಲ್ಲಿ ಹೀಗೆ ಲೆಕ್ಕ ಚುಕ್ತಾ ಆಗುವುದನ್ನು ಓದಿದಾಗ ಆ ದಿನಗಳು ಕಣ್ಣ ಮುಂದೆ ಬರುತ್ತವೆ. ಆಗ ವಾರವಿಡೀ ವ್ಯವಹಾರ ನಡೆದು, ವಾರದ ಕೊನೆಗೆ ಲೆಕ್ಕ ಕೂಡಿಸಿ, ಅದಾದ ಎಷ್ಟೋ ದಿನಗಳ ಮೇಲೆ ಕಾಗದದ ಷೇರುಪತ್ರಗಳು ಕೈ ಬದಲಾಗುತ್ತಿದ್ದವು. ಪ್ರತಿ ಪತ್ರದ ಜೊತೆಗೆ ವರ್ಗಾವಣೆಯ ಫಾರಂ ಒಂದು ಇರುತ್ತಿತ್ತು. ಅದರ ಮೇಲಿನ ಸಹಿ ಕಂಪನಿಯ ದಾಖಲೆಯಲ್ಲಿದ್ದ ಸಹಿಗೆ ಹೊಂದದಿದ್ದರೆ ಪತ್ರ ವಾಪಸ್ಸು ಬರುತ್ತಿತ್ತು. ಬ್ಯಾಡ್ ಡೆಲಿವರಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚಿದ ಪತ್ರಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಒಂದೊಂದು ಕಚೇರಿಗೂ ಅಲೆದಿದ್ದೇನೆ. ಮಾರಿದವರು ತೀರಿಹೋಗಿ, ಅವರ ಮಕ್ಕಳನ್ನು ಹುಡುಕಿಕೊಂಡು ಹೋದದ್ದೂ ಉಂಟು.

ಆಗ ಖಾತರಿ ಎಂದರೆ ಎದುರಿನ ಬ್ರೋಕರ್‌ನ ಮಾತು, ಅಷ್ಟೇ. ಅವನು ಕೊಡದಿದ್ದರೆ ನಮ್ಮ ಯಜಮಾನರು ತಮ್ಮ ಗಿರಾಕಿಗೆ ಕೈಯಿಂದ ಕೊಡಬೇಕು, ಇಲ್ಲವೇ ಅವರೂ ಕೈ ಎತ್ತಬೇಕು. ಒಬ್ಬ ಬಿದ್ದರೆ ಅವನಿಂದ ಬರಬೇಕಾದ ಹಣವನ್ನು ನಂಬಿದ್ದ ಇನ್ನೊಬ್ಬನೂ ಬೀಳುತ್ತಿದ್ದ. ಎನ್‌ಎಸ್‌ಇ ತನ್ನದೇ ಕ್ಲಿಯರಿಂಗ್ ಕಾರ್ಪೊರೇಷನ್ ಕಟ್ಟಿ 1996ರಲ್ಲಿ ಕೆಲಸ ಆರಂಭಿಸಿದಾಗ ನಮ್ಮಲ್ಲಿ ಅನೇಕರಿಗೆ ಅದರ ಅರ್ಥವೇ ಆಗಿರಲಿಲ್ಲ. ನನಗೆ ಅದು ಮನದಟ್ಟಾದದ್ದು 2001ರ ಮಾರ್ಚ್‌ನಲ್ಲಿ, ಕಲ್ಕತ್ತಾ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಒಂದರ ಹಿಂದೆ ಒಂದರಂತೆ ಮೂರು ಸೆಟಲ್‌ಮೆಂಟ್‌ಗಳಲ್ಲಿ ಬ್ರೋಕರ್‌ಗಳು ಪೇ-ಇನ್ ಹಣ ಕಟ್ಟಲಾಗದೆ ನಿಂತಾಗ. ಅಲ್ಲಿಯೂ ಖಾತರಿ ನಿಧಿ ಇತ್ತು, ಅದನ್ನು ಬಳಸಲೇಬೇಕಾಯಿತು. ಆ ಏಟಿನಿಂದ ಆ ಎಕ್ಸ್‌ಚೇಂಜ್ ಮತ್ತೆ ಮೊದಲಿನಂತಾಗಲಿಲ್ಲ. ನಿಧಿ ಇದ್ದರೆ ಸಾಲದು, ನಿಧಿಯವರೆಗೆ ನಷ್ಟ ಬಾರದಂತೆ ಪ್ರತಿದಿನ ಮಾರ್ಜಿನ್ ಎಂಬ ಮುಂಗಡ ಭದ್ರತಾ ಹಣವನ್ನು ವಸೂಲು ಮಾಡುವ ಗಟ್ಟಿತನ ಬೇಕು.

ಲೆಕ್ಕದ ಪುಟ:
ಹಳಬರೇ, ನಿಮ್ಮ ಅನುಭವ ಓದಿ ಬಹಳ ತಿಳಿಯಿತು. ಆದರೆ ಮಾರ್ಜಿನ್ ಬಗ್ಗೆಯೇ ನನಗೆ ಗೊಂದಲವಿದೆ. ಒಂದು ಲಕ್ಷದ ಷೇರು ಕೊಳ್ಳುವವರಿಂದ ಮುಂಗಡವಾಗಿ ಇಪ್ಪತ್ತು ಸಾವಿರ ಮಾತ್ರ ತೆಗೆದುಕೊಂಡರೆ, ಉಳಿದ ಎಂಬತ್ತು ಸಾವಿರಕ್ಕೆ ಖಾತರಿ ಎಲ್ಲಿಂದ ಬರುತ್ತದೆ? ಅದಕ್ಕೇ ನಿಧಿ ಇರಬೇಕು ಎಂದುಕೊಂಡಿದ್ದೆ.

ಸೆಟಲ್‌ಮೆಂಟ್ ಮೇಜು:
ಈ ವಿಷಯದ ತಿರುಳೇ ನಿಮ್ಮ ಪ್ರಶ್ನೆಯಲ್ಲಿದೆ. ನಮ್ಮ ವಿಭಾಗಕ್ಕೆ ಹೊಸದಾಗಿ ಸೇರುವವರೂ ಇಲ್ಲೇ ಎಡವುತ್ತಾರೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೇಡಂ ಅವರ ಅಂಕಿಗಳನ್ನೇ ಇಟ್ಟುಕೊಂಡು ಈ ಬಾರಿ ಕೊಂಡವರ ಕಡೆಯವರು ಹಣ ಕೊಡದೆ ಹೋದರು ಎಂದುಕೊಳ್ಳಿ. ಮಾರಿದವರು ಮಂಗಳವಾರ ಬೆಳಿಗ್ಗೆ 200 ಷೇರುಗಳನ್ನು ಕ್ಲಿಯರಿಂಗ್ ಕಾರ್ಪೊರೇಷನ್‌ಗೆ ಕೊಟ್ಟಿದ್ದಾರೆ. ಕೊಂಡವರ ಕಡೆಯ ಸದಸ್ಯ ಸಂಸ್ಥೆ ₹82,400 ಕಟ್ಟಬೇಕಿತ್ತು, ಕಟ್ಟಲಿಲ್ಲ. ಹಾಗಿದ್ದರೂ ಮಾರಿದವರಿಗೆ ಅದೇ ದಿನ ₹82,400 ಸಿಗಲೇಬೇಕು. ಕಾರ್ಪೊರೇಷನ್ ಅದನ್ನು ಕೊಡುತ್ತದೆ. ಆದರೆ ಅದರ ಕೈ ಖಾಲಿಯಾಗಿಲ್ಲ, 200 ಷೇರುಗಳು ಅದರ ಬಳಿಯೇ ಇವೆ. ಮರುದಿನ ಅವುಗಳನ್ನು ಮಾರುಕಟ್ಟೆಯಲ್ಲಿ ಮಾರುತ್ತದೆ. ಬೆಲೆ ₹380ಕ್ಕೆ ಇಳಿದಿದ್ದರೆ ₹76,000 ಬರುತ್ತದೆ. ಒಟ್ಟು ನಷ್ಟ ₹6,400. ಆ ಷೇರಿಗೆ ಇಪ್ಪತ್ತು ಶೇಕಡಾ ಮಾರ್ಜಿನ್ ಇದ್ದಿದ್ದರೆ ₹16,480 ಮೊದಲೇ ಅದರ ಬಳಿ ಬಂದಿರುತ್ತದೆ. ಅದರಿಂದಲೇ ನಷ್ಟ ತುಂಬಿಹೋಗುತ್ತದೆ.

ಹಾಗಾಗಿ ಖಾತರಿ ಕೊಡುವವರ ಮೇಲೆ ಬೀಳುವ ಅಪಾಯ ವ್ಯವಹಾರದ ಪೂರ್ತಿ ಮೊತ್ತದ್ದಲ್ಲ, ವ್ಯವಹಾರದ ದಿನದಿಂದ ಅದನ್ನು ಬೇರೆಯವರ ಜೊತೆ ಮತ್ತೆ ಮಾಡಿ ಮುಗಿಸುವವರೆಗೆ ಬೆಲೆ ಎಷ್ಟು ಸರಿಯಬಹುದೋ ಅಷ್ಟರದ್ದು. ಕೊಳ್ಳುವವರಿಂದಲೂ ಮಾರುವವರಿಂದಲೂ ಮಾರ್ಜಿನ್ ತೆಗೆದುಕೊಳ್ಳುವುದು ಇದಕ್ಕಾಗಿಯೇ. ಬೆಲೆ ಇಳಿದರೆ ಕೊಂಡವರಿಗೆ ಓಡುವ ಆಸೆ, ಏರಿದರೆ ಮಾರಿದವರಿಗೆ. ಹೆಚ್ಚು ಕುಣಿಯುವ ಷೇರಿಗೆ ಹೆಚ್ಚು ಮಾರ್ಜಿನ್, ಶಾಂತವಾಗಿರುವ ಷೇರಿಗೆ ಕಡಿಮೆ. ಷೇರನ್ನು ಮೊದಲೇ ಕೊಟ್ಟು ಮಾರಿದವರಿಂದ ಮಾರ್ಜಿನ್ ಕೇಳುವುದೇ ಇಲ್ಲ, ಅವರು ಓಡಿಹೋಗಲು ಏನೂ ಉಳಿದಿರುವುದಿಲ್ಲ.

ಸೆಟಲ್‌ಮೆಂಟ್ ಅವಧಿ ಕಿರಿದಾದಷ್ಟೂ ಖಾತರಿ ಗಟ್ಟಿಯಾಗುವುದೂ ಇದೇ ಕಾರಣದಿಂದ. 2002ರ ಏಪ್ರಿಲ್‌ನಲ್ಲಿ ನಾವು ಟಿ+3ಕ್ಕೆ, ಅಂದರೆ ವ್ಯವಹಾರವಾದ ಮೂರು ಕೆಲಸದ ದಿನಗಳಿಗೆ ಲೆಕ್ಕ ಮುಗಿಸುವ ಪದ್ಧತಿಗೆ ಬಂದೆವು, 2003ರ ಏಪ್ರಿಲ್‌ನಲ್ಲಿ ಟಿ+2ಕ್ಕೆ. 2022ರ ಫೆಬ್ರವರಿಯಿಂದ ಕಂತುಕಂತಾಗಿ ಆರಂಭಿಸಿ 2023ರ ಜನವರಿ 27ರ ಹೊತ್ತಿಗೆ ಎಲ್ಲ ಷೇರುಗಳೂ ಟಿ+1ಕ್ಕೆ ಬಂದವು. ಟಿ+2 ಇದ್ದಾಗ ಯಾವುದೇ ಕ್ಷಣದಲ್ಲಿ ಎರಡು ದಿನಗಳ ಬಾಕಿ ವ್ಯವಹಾರಗಳು ಕಾರ್ಪೊರೇಷನ್‌ನ ತಲೆಯ ಮೇಲಿರುತ್ತಿದ್ದವು, ಈಗ ಒಂದು ದಿನದವು ಮಾತ್ರ.

ಒಂದು ತೊಡಕು ಮಾತ್ರ ಉಳಿಯುತ್ತದೆ. ಕೊನೆಯ ನಷ್ಟ ₹6,400 ಆದರೂ, ಮಂಗಳವಾರ ಮಧ್ಯಾಹ್ನ ಕೈಯಲ್ಲಿ ₹82,400 ನಗದು ಬೇಕೇ ಬೇಕು. ದೊಡ್ಡ ಸದಸ್ಯರೊಬ್ಬರು ಪೇ-ಇನ್ ತಪ್ಪಿಸಿದರೆ ಅಂದಿನ ನಗದು ಹೊಂದಿಸುವುದೇ ದೊಡ್ಡ ಕೆಲಸ. ಅದಕ್ಕಾಗಿ ಬ್ಯಾಂಕುಗಳ ಜೊತೆ ಸಾಲದ ವ್ಯವಸ್ಥೆಯನ್ನು ಮೊದಲೇ ಮಾಡಿಟ್ಟುಕೊಂಡಿರುತ್ತಾರೆ. ನಿಧಿ ಎಷ್ಟಿದೆ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಅನುಭವದಲ್ಲಿ ಅಂದಿನ ದಿನ ನಗದು ಎಲ್ಲಿಂದ ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬರುತ್ತದೆ.

ಬೆಣ್ಣೆ ನಗರಿ:
ಖಾತರಿ ಖಾತರಿ ಎಂದು ಎಲ್ಲರೂ ಹೇಳುತ್ತಿದ್ದೀರಿ. ನನ್ನ ವಿಷಯದಲ್ಲಿ ಅದು ಕೆಲಸ ಮಾಡಲೇ ಇಲ್ಲ. ಗುರುವಾರ ಒಂದು ಕಂಪನಿಯ 500 ಷೇರುಗಳನ್ನು ₹96ಕ್ಕೆ ಕೊಂಡು ಶುಕ್ರವಾರ ಬೆಳಿಗ್ಗೆ ₹99ಕ್ಕೆ ಮಾರಿದೆ. ₹1,500 ಲಾಭ ಎಂದು ಖುಷಿಯಾಗಿದ್ದೆ. ಸೋಮವಾರ ಬ್ರೋಕರ್‌ನಿಂದ ಸಂದೇಶ ಬಂತು, ನೀವು ಷೇರು ಕೊಟ್ಟಿಲ್ಲ, ಆಕ್ಷನ್‌ಗೆ ಹೋಗಿದೆ ಎಂದು. ಆಕ್ಷನ್‌ನಲ್ಲಿ ₹106 ಬೆಲೆಯಾಯಿತು, ನನ್ನ ಖಾತೆಯಿಂದ ₹3,500 ಹೋಯಿತು, ಶುಲ್ಕ ಬೇರೆ. ನಾನು ಹಣ ಕೊಟ್ಟು ಕೊಂಡ ಷೇರನ್ನೇ ಮಾರಿದ್ದು. ನನ್ನ ತಪ್ಪೇನು? ಗುರುವಾರ ಮಾರಿದವನನ್ನು ಬಿಟ್ಟು ನನಗೇಕೆ ದಂಡ? ನನ್ನ ಬ್ರೋಕರ್ ಮೋಸ ಮಾಡಿದ್ದಾನೆ ಎಂದೇ ನನಗೆ ಅನಿಸುತ್ತದೆ.

ಸೆಟಲ್‌ಮೆಂಟ್ ಮೇಜು:
ಸರ್, ಒಂದು ವಿಷಯ ನೋಡಿ ಹೇಳಿ. ಸೋಮವಾರ ಮಧ್ಯಾಹ್ನದ ಮೇಲೆ ನಿಮ್ಮ ಡಿಮ್ಯಾಟ್ ಖಾತೆಗೆ 500 ಷೇರುಗಳು ಬಂದಿವೆಯೇ?

ಬೆಣ್ಣೆ ನಗರಿ:
ಬಂದಿವೆ. ಎಲ್ಲಿಂದ ಬಂದವು ಎಂದೇ ತಿಳಿಯಲಿಲ್ಲ. ಬ್ರೋಕರ್ ತಪ್ಪನ್ನು ಮುಚ್ಚಿಹಾಕಲು ಹಾಕಿರಬೇಕು ಎಂದುಕೊಂಡೆ.

ಸೆಟಲ್‌ಮೆಂಟ್ ಮೇಜು:
ಹಾಗಲ್ಲ. ಅವು ನೀವು ಗುರುವಾರ ಕೊಂಡ ಷೇರುಗಳೇ. ನಿಮಗೆ ಶುಕ್ರವಾರ ಬರಬೇಕಿದ್ದವು ಬರಲಿಲ್ಲ, ಏಕೆಂದರೆ ಆ ಕಡೆಯವರು ಕೊಡಲಿಲ್ಲ. ಶುಕ್ರವಾರ ಮಧ್ಯಾಹ್ನ ಆಕ್ಷನ್ ನಡೆದು ಷೇರು ಸಿಕ್ಕಿತು, ಅದು ಸೋಮವಾರ ನಿಮ್ಮ ಖಾತೆಗೆ ಬಂತು. ಇದು ಖಾತರಿ ತನ್ನ ಕೆಲಸ ಮಾಡಿದ್ದಕ್ಕೆ ಗುರುತು. ಆದರೆ ನೀವು ಶುಕ್ರವಾರ ಮಾರಿದ ಷೇರುಗಳನ್ನು ಸೋಮವಾರ ಬೆಳಿಗ್ಗೆಯ ಪೇ-ಇನ್‌ಗೇ ಕೊಡಬೇಕಿತ್ತು. ಬೆಳಿಗ್ಗೆ ಕೊಡಬೇಕಾದದ್ದು ಮಧ್ಯಾಹ್ನ ಕೈಗೆ ಬಂತು. ಆ ಕೆಲವು ಗಂಟೆಗಳ ಅಂತರದಲ್ಲಿ ನೀವೂ ಕೊಡದೆ ಹೋದವರ ಪಟ್ಟಿಗೆ ಸೇರಿದಿರಿ.

ಕ್ಲಿಯರಿಂಗ್ ಕಾರ್ಪೊರೇಷನ್ ನಡುವೆ ನಿಂತ ಮೇಲೆ ಗುರುವಾರದ ವ್ಯವಹಾರ ಬೇರೆ, ಶುಕ್ರವಾರದ್ದು ಬೇರೆ. ಗುರುವಾರದವನು ಕೊಡಲಿಲ್ಲ ಎಂಬುದು ಶುಕ್ರವಾರ ನಿಮ್ಮಿಂದ ಕೊಂಡವರಿಗೆ ಕಾರಣವಾಗಿ ಒಪ್ಪಿಗೆಯಾಗುವುದಿಲ್ಲ. ಗುರುವಾರ ಕೊಡದಿದ್ದವರ ಮೇಲೂ ಇದೇ ರೀತಿ ಆಕ್ಷನ್ ವ್ಯತ್ಯಾಸ ಬಿದ್ದಿರುತ್ತದೆ. ಅದು ನಿಮಗೆ ಕಾಣುವುದಿಲ್ಲ, ಅಷ್ಟೇ. ಜೊತೆಗೆ ನಿಮ್ಮ ಲೆಕ್ಕವನ್ನು ಇನ್ನೊಮ್ಮೆ ನೋಡಿ. ₹3,500 ಹೋಗಿದೆ ನಿಜ, ಆದರೆ ₹96ಕ್ಕೆ ಕೊಂಡ 500 ಷೇರುಗಳು ಈಗಲೂ ನಿಮ್ಮಲ್ಲಿವೆ. ಷೇರು ಡಿಮ್ಯಾಟ್‌ಗೆ ಬರುವ ಮೊದಲೇ ಮಾರುವ ಬಿಟಿಎಸ್‌ಟಿಯಲ್ಲಿ ಈ ಅಪಾಯ ಯಾವಾಗಲೂ ಇರುತ್ತದೆ. ಹಿಂದಿನ ದಿನ ಸರ್ಕ್ಯೂಟ್‌ಗೆ ಹೋಗಿ ನಿಂತ ಷೇರಿನಲ್ಲಿ ಹಾಗೆ ಮಾಡಬೇಡಿ ಎಂದು ನಾನು ನಮ್ಮ ಗಿರಾಕಿಗಳಿಗೆ ಹೇಳುತ್ತಲೇ ಇರುತ್ತೇನೆ. ಕೊರತೆ ಹೆಚ್ಚಾಗಿ ಕಾಣಿಸುವುದು ಅಲ್ಲೇ.

ಬೆಣ್ಣೆ ನಗರಿ:
ಇಷ್ಟನ್ನು ಬ್ರೋಕರ್ ಹೇಳಿದ್ದರೆ ನಾನು ಜಗಳವಾಡುತ್ತಿರಲಿಲ್ಲ. ಷೇರು ಬಂದಿಲ್ಲ ಎಂದು ಶುಕ್ರವಾರ ಸಂಜೆಯಾದರೂ ತಿಳಿಸಬಹುದಿತ್ತು. ಆ ದೂರನ್ನು ನಾನು ಬಿಡುವುದಿಲ್ಲ.

ಶರಾವತಿ ತೀರ:
ನನಗೆ ಇನ್ನೊಂದು ಸಂಶಯ. ಕೆಲವು ವರ್ಷಗಳ ಹಿಂದೆ ದೊಡ್ಡ ಬ್ರೋಕರ್ ಸಂಸ್ಥೆಯೊಂದು ಗಿರಾಕಿಗಳ ಷೇರುಗಳನ್ನೇ ಅಡವಿಟ್ಟು ಸಾಲ ಪಡೆದ ಸುದ್ದಿ ಬಂದಿತ್ತು. ನನ್ನ ಸಹೋದ್ಯೋಗಿಯೊಬ್ಬರು ಆಗ ಬಹಳ ಒದ್ದಾಡಿದರು. ಇಷ್ಟೆಲ್ಲ ಖಾತರಿ ಇದ್ದರೂ ಅದು ನಡೆದದ್ದು ಹೇಗೆ?

ಸೆಟಲ್‌ಮೆಂಟ್ ಮೇಜು:
ನೀವು ಹೇಳುತ್ತಿರುವುದು ಕಾರ್ವಿ ಪ್ರಕರಣ ಇರಬೇಕು. 2019ರ ನವೆಂಬರ್‌ನಲ್ಲಿ ಸೆಬಿ ಆದೇಶ ಹೊರಡಿಸಿತು, 2020ರ ನವೆಂಬರ್‌ನಲ್ಲಿ ಎನ್‌ಎಸ್‌ಇ ಆ ಸಂಸ್ಥೆಯನ್ನು ಡಿಫಾಲ್ಟರ್ ಎಂದು ಘೋಷಿಸಿತು.

ಈ ಖಾತರಿಯ ಗೆರೆ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಆ ಪ್ರಕರಣ ತೋರಿಸಿತು. ಕ್ಲಿಯರಿಂಗ್ ಕಾರ್ಪೊರೇಷನ್ ಖಾತರಿ ಕೊಡುವುದು ತನ್ನ ಸದಸ್ಯರಿಗೆ, ಸದಸ್ಯರ ನಡುವಿನ ಸೆಟಲ್‌ಮೆಂಟ್‌ಗೆ. ನಿಮ್ಮ ಬ್ರೋಕರ್‌ಗೆ ಷೇರು ತಲುಪಿದರೆ ಅದರ ಮಾತು ಈಡೇರಿತು. ಅಲ್ಲಿಂದ ನಿಮ್ಮ ಖಾತೆಗೆ ಬರುವ ಹಾದಿಯಲ್ಲಿ ಏನಾದರೂ ಆದರೆ ಸೆಟಲ್‌ಮೆಂಟ್ ಗ್ಯಾರಂಟಿ ನಿಧಿ ಅದಕ್ಕೆ ಹೊಣೆಯಲ್ಲ. ಅಂಥ ನಷ್ಟಕ್ಕೆ ವಿನಿಮಯ ಕೇಂದ್ರದ ಹೂಡಿಕೆದಾರರ ರಕ್ಷಣಾ ನಿಧಿ ಬೇರೆಯೇ ಇದೆ. ಅದಕ್ಕೆ ಅರ್ಜಿ ಹಾಕಬೇಕು, ದಾಖಲೆ ತೋರಿಸಬೇಕು, ಸಿಗುವ ಮೊತ್ತಕ್ಕೆ ಮಿತಿಯೂ ಇದೆ.

ಆಮೇಲೆ ಈ ಹಾದಿಯನ್ನೇ ಕಿರಿದುಗೊಳಿಸಿದರು. ಗಿರಾಕಿಗಳ ಹಣವನ್ನು ಬ್ರೋಕರ್ ತನ್ನಲ್ಲೇ ಇಟ್ಟುಕೊಳ್ಳದೆ ದಿನದ ಕೊನೆಗೆ ಕ್ಲಿಯರಿಂಗ್ ಕಾರ್ಪೊರೇಷನ್‌ಗೆ ಸೇರಿಸಬೇಕು ಎಂಬ ನಿಯಮ 2023ರಲ್ಲಿ ಬಂತು. ಕೊಂಡ ಷೇರುಗಳು ಬ್ರೋಕರ್‌ನ ಪೂಲ್ ಖಾತೆಗೆ ಹೋಗದೆ ನೇರವಾಗಿ ಗಿರಾಕಿಯ ಡಿಮ್ಯಾಟ್‌ಗೆ ಬರುವ ವ್ಯವಸ್ಥೆ 2024-25ರಲ್ಲಿ ಹಂತಹಂತವಾಗಿ ಜಾರಿಯಾಯಿತು. ಇದರಿಂದ ಇನ್ನೊಂದು ಉಪಕಾರವೂ ಆಗಿದೆ. ಮೊದಲು ಒಂದೇ ಬ್ರೋಕರ್‌ನ ಇಬ್ಬರು ಗಿರಾಕಿಗಳಲ್ಲಿ ಒಬ್ಬ ಮಾರಿ ಇನ್ನೊಬ್ಬ ಕೊಂಡಿದ್ದರೆ, ಬ್ರೋಕರ್ ಮಟ್ಟದಲ್ಲಿ ಎರಡೂ ವಜಾ ಆಗಿ ಕಾರ್ಪೊರೇಷನ್‌ಗೆ ಆ ಕೊರತೆ ಕಾಣುತ್ತಲೇ ಇರಲಿಲ್ಲ. ಬ್ರೋಕರ್ ತನ್ನದೇ ನಿಯಮದಂತೆ ಅದನ್ನು ಬಗೆಹರಿಸುತ್ತಿದ್ದ, ಒಬ್ಬೊಬ್ಬರದು ಒಂದೊಂದು ಲೆಕ್ಕ. ಈಗ ಅಂಥ ಒಳಗಿನ ಕೊರತೆಯೂ ಕ್ಲಿಯರಿಂಗ್ ಕಾರ್ಪೊರೇಷನ್ ಹಾಕಿಕೊಟ್ಟ ಆಕ್ಷನ್ ವಿಧಾನದಲ್ಲೇ ಬಗೆಹರಿಯಬೇಕು, ಅದರ ಶುಲ್ಕದ ಮೇಲೆ ಬ್ರೋಕರ್ ತನ್ನದನ್ನು ಸೇರಿಸುವಂತಿಲ್ಲ. ನಮ್ಮ ವಿಭಾಗದ ಅರ್ಧ ಜಗಳ ಇದರಿಂದ ಕಡಿಮೆಯಾಗಿದೆ.

ಮೈನ್ ನದಿಯ ಕನ್ನಡಿಗ:
ಫ್ರಾಂಕ್‌ಫರ್ಟ್‌ನಿಂದ ಬರೆಯುತ್ತಿದ್ದೇನೆ, ಇಲ್ಲಿನ ಬ್ಯಾಂಕೊಂದರಲ್ಲಿ ರಿಸ್ಕ್ ವಿಭಾಗದಲ್ಲಿದ್ದೇನೆ. ನಿಧಿಯವರೆಗೆ ನಷ್ಟ ಬರುವುದೇ ಇಲ್ಲ ಎಂದು ಯಾರೂ ಭಾವಿಸಬಾರದು ಎಂಬುದಕ್ಕೆ ಇಲ್ಲಿಯ ಒಂದು ಪ್ರಕರಣವನ್ನು ಹೇಳುತ್ತೇನೆ. 2018ರ ಸೆಪ್ಟೆಂಬರ್‌ನಲ್ಲಿ ನಾಸ್ಡಾಕ್ ಕ್ಲಿಯರಿಂಗ್‌ನಲ್ಲಿ ನಾರ್ವೆಯ ಒಬ್ಬ ವಿದ್ಯುತ್ ವ್ಯಾಪಾರಿ ಮಾರ್ಜಿನ್ ಕಟ್ಟಲಾಗದೆ ಡಿಫಾಲ್ಟ್ ಆದರು. ಅವರು ಸ್ವಂತ ಹೆಸರಿನಲ್ಲೇ ಸದಸ್ಯರಾಗಿದ್ದರು. ನಾರ್ಡಿಕ್ ಮತ್ತು ಜರ್ಮನ್ ವಿದ್ಯುತ್ ಬೆಲೆಗಳ ಅಂತರ ಒಂದೇ ದಿನದಲ್ಲಿ ಹಿಂದೆಂದೂ ಕಾಣದಷ್ಟು ಸರಿಯಿತು. ಅವರ ಮಾರ್ಜಿನ್ ಮುಗಿದ ಮೇಲೆ ಕ್ಲಿಯರಿಂಗ್ ಹೌಸ್ ತನ್ನ 7 ಮಿಲಿಯನ್ ಯೂರೋ ಹಾಕಿತು. ಉಳಿದ 107 ಮಿಲಿಯನ್ ಯೂರೋಗಳನ್ನು ಬೇರೆ ಸದಸ್ಯರ ನಿಧಿಯಿಂದ ತೆಗೆಯಬೇಕಾಯಿತು. ತಪ್ಪೇ ಮಾಡದ ಸದಸ್ಯರು ಕೆಲವೇ ದಿನಗಳಲ್ಲಿ ಮತ್ತೆ ಹಣ ತುಂಬಬೇಕಾಯಿತು.

ಅಲ್ಲಿ ಬೆಲೆ ಎಷ್ಟು ಸರಿಯಬಹುದು ಎಂಬ ಅಂದಾಜು ತಪ್ಪಿತ್ತು. ಜೊತೆಗೆ ಆ ಮಾರುಕಟ್ಟೆಯೂ ಚಿಕ್ಕದು. ಅವರ ಸ್ಥಾನಗಳನ್ನು ಹರಾಜು ಹಾಕಿದಾಗ ಕೊಳ್ಳಲು ಕರೆದದ್ದು ಕೆಲವೇ ಸದಸ್ಯರನ್ನು. ಹರಾಜಿನಲ್ಲಿ ಬಂದ ಬೆಲೆ ನಷ್ಟವನ್ನು ಇನ್ನೂ ಹಿಗ್ಗಿಸಿತು.

ಲೆಕ್ಕದ ಪುಟ:
ಭಾರತದಲ್ಲಿ ಇಂಥದ್ದು ನಡೆದರೆ ಯಾರ ಹಣ ಮೊದಲು ಹೋಗುತ್ತದೆ? ಸರ್ಕಾರದ ಖಾತರಿ ಇಲ್ಲ ಎಂದ ಮೇಲೆ ಇದನ್ನು ತಿಳಿದುಕೊಳ್ಳಲೇಬೇಕು ಅನಿಸುತ್ತಿದೆ.

ಸೆಟಲ್‌ಮೆಂಟ್ ಮೇಜು:
2014ರ ಆಗಸ್ಟ್‌ನಲ್ಲಿ ಸೆಬಿ ಇದರ ಸರದಿಯನ್ನು ಸುತ್ತೋಲೆಯಲ್ಲಿ ಬರೆದಿಟ್ಟಿತು. ಮೊದಲು ಹೋಗುವುದು ತಪ್ಪಿದ ಸದಸ್ಯನದೇ ಮಾರ್ಜಿನ್, ಠೇವಣಿ, ಅವನು ನಿಧಿಗೆ ಕೊಟ್ಟ ಪಾಲು. ಅದು ಸಾಲದಿದ್ದರೆ ಕ್ಲಿಯರಿಂಗ್ ಕಾರ್ಪೊರೇಷನ್‌ನ ಸ್ವಂತ ಹಣದ ಒಂದು ಭಾಗ. ಆಮೇಲೆ ಕೋರ್ ಎಸ್‌ಜಿಎಫ್ ಎಂಬ ಸೆಟಲ್‌ಮೆಂಟ್ ಗ್ಯಾರಂಟಿ ನಿಧಿ. ಆ ನಿಧಿಯಲ್ಲೂ ಮೊದಲು ದಂಡಗಳಿಂದ ಕೂಡಿದ ಹಣ ಮತ್ತು ಕಾರ್ಪೊರೇಷನ್‌ನ ಪಾಲಿನ ಒಂದು ಭಾಗ ಕರಗಬೇಕು, ತಪ್ಪು ಮಾಡದ ಸದಸ್ಯರ ಪಾಲಿಗೆ ಕೈ ಹಾಕುವುದು ಆಮೇಲೆಯೇ, ಅದೂ ನಿಧಿಯಲ್ಲಿ ಉಳಿದವರ ಪಾಲಿನ ಜೊತೆಗೆ ಅವರವರ ಮೊತ್ತಕ್ಕೆ ತಕ್ಕಂತೆ. ನಿಧಿಯಲ್ಲಿ ಕನಿಷ್ಠ ಅರ್ಧ ಕಾರ್ಪೊರೇಷನ್‌ನದು, ಕನಿಷ್ಠ ಕಾಲು ಭಾಗ ವಿನಿಮಯ ಕೇಂದ್ರದ್ದು. ಸದಸ್ಯರಿಂದ ಕಾಲು ಭಾಗಕ್ಕಿಂತ ಹೆಚ್ಚು ಕೇಳುವಂತಿಲ್ಲ. ಈ ಹಂಚಿಕೆ ನನಗೆ ನ್ಯಾಯವಾಗಿ ಕಾಣುತ್ತದೆ. ಮಾರ್ಜಿನ್ ಎಷ್ಟಿರಬೇಕು ಎಂದು ನಿರ್ಧರಿಸುವವರೇ ಅದು ಸಾಲದೆ ಹೋದಾಗ ಮೊದಲು ಹಣ ಕಳೆದುಕೊಳ್ಳಬೇಕು.

ಇದೆಲ್ಲವೂ ಮುಗಿದರೂ ನಷ್ಟ ಉಳಿದರೆ ಸದಸ್ಯರಿಂದ ಒಂದು ಮಿತಿಯವರೆಗೆ ಹೆಚ್ಚುವರಿ ಹಣ ಕೇಳಬಹುದು. ಅದಕ್ಕೂ ಮೀರಿದರೆ, ಹಣ ಬರಬೇಕಾದವರೆಲ್ಲರ ಪಾವತಿಯಲ್ಲೂ ಅವರವರ ಮೊತ್ತಕ್ಕೆ ತಕ್ಕಂತೆ ಕಡಿತ. ಆ ಕೊನೆಯ ಮೆಟ್ಟಿಲು ಬರೆದೇ ಇದೆ. ಖಾತರಿಗೆ ತುದಿಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಜೆ.ಸಿ. ರಸ್ತೆಯ ಹಳಬ:
ಎರಡು ಮಾತು ಸೇರಿಸುತ್ತೇನೆ. 2021ರ ಫೆಬ್ರವರಿ 24ರಂದು ಬೆಳಿಗ್ಗೆ 11:40ಕ್ಕೆ ಎನ್‌ಎಸ್‌ಇಯಲ್ಲಿ ವ್ಯವಹಾರ ನಿಂತಿತು. ನಾನು ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆ. ಟೆಲಿಕಾಂ ಸಂಪರ್ಕಗಳು ಕೈಕೊಟ್ಟು ಕ್ಲಿಯರಿಂಗ್ ಕಾರ್ಪೊರೇಷನ್‌ನ ರಿಸ್ಕ್ ವ್ಯವಸ್ಥೆ ನಿಂತುಹೋಯಿತು, ಅದಕ್ಕೇ ಮಾರುಕಟ್ಟೆಯನ್ನೂ ನಿಲ್ಲಿಸಿದರು ಎಂದು ಆಮೇಲೆ ತಿಳಿಯಿತು. ಯಾರ ಬಳಿ ಎಷ್ಟು ಮಾರ್ಜಿನ್ ಉಳಿದಿದೆ ಎಂದು ನೋಡಲಾಗದಿದ್ದರೆ ಆರ್ಡರ್ ತೆಗೆದುಕೊಳ್ಳಲೇಬಾರದು, ಅದು ಸರಿ. ಮಧ್ಯಾಹ್ನ 3:45ಕ್ಕೆ ಮತ್ತೆ ತೆರೆದು ಐದು ಗಂಟೆಯವರೆಗೆ ನಡೆಸಿದರು. ಅಷ್ಟರಲ್ಲಿ ಎಷ್ಟೋ ಬ್ರೋಕರ್‌ಗಳು ಗಿರಾಕಿಗಳ ಇಂಟ್ರಾಡೇ ವ್ಯವಹಾರಗಳನ್ನು ಬಿಎಸ್‌ಇಯಲ್ಲಿ ಸಿಕ್ಕ ಬೆಲೆಗೆ ಮುಗಿಸಿಬಿಟ್ಟಿದ್ದರು. ಆ ನಷ್ಟ ಯಾವ ಖಾತರಿಯ ಒಳಗೂ ಬರುವುದಿಲ್ಲ, ಅದನ್ನು ಹೊತ್ತವರು ಗಿರಾಕಿಗಳೇ.

ಲೆಕ್ಕದ ಪುಟ:
ಹಾಗಿದ್ದರೆ ಟಿ+0 ಎಲ್ಲಕ್ಕಿಂತ ಒಳ್ಳೆಯದಲ್ಲವೇ? 2024ರ ಮಾರ್ಚ್ 28ರಂದು 25 ಷೇರುಗಳಲ್ಲಿ ಪ್ರಯೋಗವಾಗಿ ಶುರುವಾಗಿದೆ. ಅದೇ ದಿನ ಮುಗಿದರೆ ಬೆಲೆ ಸರಿಯಲು ಅವಕಾಶವೇ ಇರುವುದಿಲ್ಲ, ಇಷ್ಟೆಲ್ಲ ಮಾರ್ಜಿನ್ ಗೊಡವೆಯೂ ಬೇಡ.

ಮೈನ್ ನದಿಯ ಕನ್ನಡಿಗ:
ನನಗೆ ಹಾಗನಿಸುವುದಿಲ್ಲ. ದಿನದ ಕೊನೆಗೆ ಲೆಕ್ಕ ವಜಾ ಮಾಡುವುದರಿಂದ ಬೆಳಿಗ್ಗೆಯಿಂದ ನೂರು ಕೋಟಿ ಕೊಂಡು ತೊಂಬತ್ತೈದು ಕೋಟಿ ಮಾರಿದ ಸಂಸ್ಥೆ ಐದು ಕೋಟಿ ಹೊಂದಿಸಿದರೆ ಸಾಕು. ಕ್ಷಣಕ್ಷಣಕ್ಕೂ ಮುಗಿಸುವ ಪದ್ಧತಿ ಬಂದರೆ ಪ್ರತಿ ಕೊಳ್ಳುವಿಕೆಗೂ ಪೂರ್ತಿ ಹಣ ಮೊದಲೇ ಕೈಯಲ್ಲಿರಬೇಕು. ಹೊರದೇಶದ ಸಂಸ್ಥೆಗಳಿಗೆ ಸಮಯದ ವ್ಯತ್ಯಾಸವೂ ಸೇರಿ, ಡಾಲರ್ ಅನ್ನು ರೂಪಾಯಿಗೆ ಬದಲಿಸಿಕೊಂಡು ಹಿಂದಿನ ದಿನವೇ ತಂದಿಡಬೇಕಾಗುತ್ತದೆ. ಅಮೆರಿಕ 2024ರ ಮೇ ತಿಂಗಳಲ್ಲಷ್ಟೇ ಟಿ+1ಕ್ಕೆ ಬಂದಿದೆ, ಯೂರೋಪ್ 2027ರ ಅಕ್ಟೋಬರ್ ಎಂದು ಗುರಿ ಇಟ್ಟುಕೊಂಡಿದೆ.

ಸೆಟಲ್‌ಮೆಂಟ್ ಮೇಜು:
ಈ ವಿಷಯದಲ್ಲಿ ನಾನು ಅವರನ್ನು ಪೂರ್ತಿ ಒಪ್ಪುವುದಿಲ್ಲ. ನಮ್ಮಲ್ಲಿ ಈಗ ಇರುವ ಟಿ+0 ಕ್ಷಣಕ್ಷಣದ್ದಲ್ಲ, ಸಂಜೆಯೊಳಗೆ ಲೆಕ್ಕ ವಜಾ ಮಾಡಿಯೇ ಮುಗಿಸುವುದು. ಸಣ್ಣ ಹೂಡಿಕೆದಾರರು ಹೇಗೂ ಪೂರ್ತಿ ಹಣ ಕಟ್ಟಿಯೇ ಕೊಳ್ಳುತ್ತಾರೆ, ಷೇರು ಬ್ಲಾಕ್ ಮಾಡಿಯೇ ಮಾರುತ್ತಾರೆ, ಅವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಒಂದೇ ಷೇರಿಗೆ ಟಿ+0 ಬೆಲೆ ಒಂದು, ಟಿ+1 ಬೆಲೆ ಒಂದು ಎಂದು ಎರಡು ಸಾಲುಗಳಾದಾಗ ಟಿ+0 ಸಾಲಿನಲ್ಲಿ ಮಾರುವವರೂ ಕೊಳ್ಳುವವರೂ ವಿರಳ. ಷೇರು ಸಿಗದೆ ಹೋಗುವ ತೊಂದರೆ ಅಲ್ಲಿ ಇನ್ನೊಂದು ರೂಪದಲ್ಲಿ ಎದುರಾಗಬಹುದು.

ಶರಾವತಿ ತೀರ:
ಇಷ್ಟು ತಾಳ್ಮೆಯಿಂದ ವಿವರಿಸಿದ ಎಲ್ಲರಿಗೂ ಧನ್ಯವಾದಗಳು. ಈಗ ನನಗೆ ಉಳಿದಿರುವುದು ಒಂದೇ ಅಸಮಾಧಾನ. ಕ್ಲೋಸ್ ಔಟ್‌ನಲ್ಲಿ ನನಗೆ ಹಣ ಹೆಚ್ಚು ಬಂತು, ಷೇರು ಬರಲಿಲ್ಲ. ಅದೇ 200 ಷೇರುಗಳನ್ನು ಮತ್ತೆ ಕೊಳ್ಳಲು ಹೋದರೆ ಗುರುವಾರವೂ ಸರ್ಕ್ಯೂಟ್‌ನಲ್ಲಿತ್ತು, ಸಿಗಲಿಲ್ಲ. ಕೊನೆಗೆ ಮುಂದಿನ ವಾರ ₹601ಕ್ಕೆ ಕೊಂಡೆ. ಇಪ್ಪತ್ತು ಶೇಕಡಾ ಎಂಬ ಅಳತೆ ಯಾವ ಲೆಕ್ಕದ ಮೇಲೆ ನಿಂತಿದೆ, ಹೀಗೆ ದಿನವೂ ಏರುವ ಷೇರಿಗೆ ಅದು ಸಾಕೇ ಎಂಬುದನ್ನು ಯಾರಾದರೂ ಹೇಳಬಲ್ಲಿರಾ?

ಸೆಟಲ್‌ಮೆಂಟ್ ಮೇಜು:
ಸಾಲದ ಸಂದರ್ಭಗಳು ಇವೆ, ನಿಮ್ಮದು ಅಂಥದ್ದೇ. ₹580.80 ಪಡೆದು ₹601 ಕೊಟ್ಟಿದ್ದೀರಿ, ಆದ್ದರಿಂದ ಷೇರಿಗೆ ₹20.20 ನಿಮ್ಮ ಕೈಯಿಂದ ಹೋಗಿದೆ. ಅಳತೆಯನ್ನು ಹೆಚ್ಚಿಸಿದರೆ ಸಿಕ್ಕಿಬಿದ್ದ ಮಾರಾಟಗಾರರ ನಷ್ಟ ಹೆಚ್ಚುತ್ತದೆ, ಕೆಲವರ ನಷ್ಟ ಅವರ ಬ್ರೋಕರ್ ಬಳಿಯಿರುವ ಹಣವನ್ನೂ ಮೀರುತ್ತದೆ. ಆಕ್ಷನ್ ಅನ್ನು ಒಂದೇ ದಿನಕ್ಕೆ ಬಿಡದೆ ಇನ್ನೊಂದು ದಿನ ನಡೆಸಿದರೆ ಷೇರೇ ಸಿಗಬಹುದು ಎಂದು ನಮ್ಮಲ್ಲಿ ಕೆಲವರು ವಾದಿಸುತ್ತಾರೆ. ಆಗ ಕೊಂಡವರು ಇನ್ನೂ ಒಂದು ದಿನ ಷೇರೂ ಇಲ್ಲದೆ ಹಣವೂ ಇಲ್ಲದೆ ಕಾಯಬೇಕು. ನಿಮ್ಮಂತೆ ಇಟ್ಟುಕೊಳ್ಳಲು ಕೊಂಡವರು ಅದನ್ನು ಒಪ್ಪಬಹುದು, ಮರುದಿನವೇ ಮಾರಿದವರು ಒಪ್ಪಲಾರರು.

ಬೆಣ್ಣೆ ನಗರಿ:
ನಾನಂತೂ ಒಪ್ಪುವುದಿಲ್ಲ. ಒಂದು ದಿನ ತಡವಾಗಿದ್ದಕ್ಕೇ ₹3,500 ಕಟ್ಟಿದ್ದೇನೆ.

ಶರಾವತಿ ತೀರ:
ನಾನು ಕಾಯಲು ಸಿದ್ಧಳಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.